ಗೋಡೌನಿನಲ್ಲೇ ಸುಟ್ಟ ಕಾಫಿ ಯಾರದು?

"ದುಡ್ಡು ಬಂದಿಲ್ಲ, ಲಾರಿಗೆ ಲೋಡಾಗಿಲ್ಲ, ಅಂದ್ಮೇಲೆ ಮಾಲು ಇನ್ನೂ ಬೆಳೆಗಾರನದೇ." ಕೊಡಗಿನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮಾರುವವರೂ ನಂಬಿರುತ್ತಾರೆ, ಕೊಳ್ಳುವವರೂ ನಂಬಿರುತ್ತಾರೆ. 1930ರ ಸರಕು ಮಾರಾಟ ಕಾಯ್ದೆ ಮಾತ್ರ ನಂಬುವುದಿಲ್ಲ.

ಸುಂಟಿಕೊಪ್ಪದ ಹತ್ತಿರ ಒಬ್ಬ ಬೆಳೆಗಾರರು ಇದ್ದಾರೆ ಅಂದುಕೊಳ್ಳಿ. ಕಣದಲ್ಲಿ ಒಣಗಿಸಿದ ರೋಬಸ್ಟಾ ಚೆರ್ರಿ ಗೋಡೌನಿನಲ್ಲಿದೆ, 100 ಚೀಲ. ಸೋಮವಾರ ವ್ಯಾಪಾರಿ ಬಂದು ನೋಡಿ, "ಈ ನೂರೂ ಚೀಲ ನನಗೆ, ಒಟ್ಟು ಇಷ್ಟು" ಎಂದು ಒಂದೇ ಮೊತ್ತ ಹೇಳುತ್ತಾರೆ. ಬೆಳೆಗಾರರು ಒಪ್ಪುತ್ತಾರೆ. ದುಡ್ಡು ಬುಧವಾರ, ಲಾರಿ ಶುಕ್ರವಾರ. ಮಂಗಳವಾರ ರಾತ್ರಿ ಗೋಡೌನಿಗೆ ಬೆಂಕಿ ಬೀಳುತ್ತದೆ. ತಪ್ಪು ಯಾರದೂ ಅಲ್ಲ.

ನಷ್ಟ ವ್ಯಾಪಾರಿಗೆ! ಇಂಥದ್ದೇ ಎಂದು ಗುರುತಿಸಿದ ಮಾಲು, ಕೊಂಡೊಯ್ಯಲು ತಯಾರಾಗಿದ್ದು, ಬೇರೆ ಷರತ್ತು ಇಲ್ಲದಿದ್ದರೆ, ಮಾತು ಮುಗಿದ ಕ್ಷಣದಲ್ಲೇ ಒಡೆತನ ದಾಟುತ್ತದೆ. ಇದು 20ನೇ ಕಲಮು. ಹಣ ಮತ್ತು ಸಾಗಣೆ ಮುಂದಕ್ಕೆ ಹೋದರೂ ವ್ಯತ್ಯಾಸವಿಲ್ಲ ಎಂದು ಅದರಲ್ಲೇ ಬರೆದಿದೆ. ಒಡೆತನ ಹೋದರೆ ನಷ್ಟದ ಹೊರೆಯೂ ಹೋಗುತ್ತದೆ, ಇದು 26ನೇ ಕಲಮು. ಹಸು ಮಾರಿದರೆ ಕರು ಹಿಂದೆಯೇ ಹೋಗುತ್ತಲ್ಲ, ಹಾಗೆ. ಕರು ಬೇಡ ಎಂದರೆ ಮೊದಲೇ ಹೇಳಿ ಕಟ್ಟಿಹಾಕಬೇಕು. ಅಂದರೆ "ಲಾರಿ ಹತ್ತುವವರೆಗೆ ಜವಾಬ್ದಾರಿ ಮಾರುವವರದು" ಎಂದು ಇಬ್ಬರೂ ಒಪ್ಪಿದರೆ ಆ ಮಾತೇ ನಡೆಯುತ್ತದೆ.

ಹಳೆ ರೋಮಿನಲ್ಲಿ ಕರು ಹಸುವಿಗಿಂತ ಮುಂದೆ ಓಡುತ್ತಿತ್ತು. ಒಡೆತನ ದಾಟುವುದು ಮಾಲು ಕೈಗೆ ಕೊಟ್ಟ ಮೇಲೆ, ಆದರೆ ನಷ್ಟದ ಹೊರೆ ವ್ಯಾಪಾರ ಕುದುರಿದಾಗಲೇ ಕೊಳ್ಳುವವನ ತಲೆಗೆ. ವೈನಿಗೆ ಮಾತ್ರ ವಿನಾಯಿತಿ ಇತ್ತು. ಕೊಳ್ಳುವವನು ರುಚಿ ನೋಡುವ ತನಕ ಹುಳಿಯಾದರೆ ಮಾರಿದವನೇ ಅನುಭವಿಸಬೇಕು.

ರುಚಿ ನೋಡುವುದು ಅಂದಾಗ ನಮ್ಮ ಔಟ್‌ಟರ್ನ್ ನೆನಪಾಗುತ್ತದೆ, ಅಲ್ವಾ? 50 ಕೆಜಿ ಚೀಲದಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂದು ಸ್ಯಾಂಪಲ್ ನೋಡಿ ದರ ಹಾಕುವುದು. ನಿಜವಾದ ಮಜಾ ಇಲ್ಲೇ ಇರುವುದು.

ಒಟ್ಟು ಮೊತ್ತದ ಬದಲು "ಚೀಲಕ್ಕೆ ಇಷ್ಟು, ತೂಕ ಹಾಕಿ ಲೆಕ್ಕ ಮಾಡೋಣ" ಎಂದು ಮಾತಾಗಿದೆ ಅನ್ನಿ. ತೂಕ ಹಾಕಬೇಕಾದವರು ಬೆಳೆಗಾರರು. ಆಗ 22ನೇ ಕಲಮು ಬರುತ್ತದೆ. ಬೆಲೆ ಗೊತ್ತಾಗಲು ಮಾರುವವರು ತೂಕ, ಅಳತೆ, ಪರೀಕ್ಷೆ ಏನಾದರೂ ಮಾಡಬೇಕಿದ್ದರೆ, ಅದು ಮುಗಿದು ಕೊಳ್ಳುವವರಿಗೆ ತಿಳಿಯುವವರೆಗೆ ಒಡೆತನ ದಾಟುವುದಿಲ್ಲ. "ತಿಳಿಯುವವರೆಗೆ" ಎಂಬುದನ್ನು ಗಮನಿಸಿ. ಮಂಗಳವಾರ ಸಂಜೆ ನೂರೂ ಚೀಲ ತೂಗಿ ಮುಗಿಸಿದಿರಿ. ವ್ಯಾಪಾರಿಗೆ ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ, ನಾಳೆ ಹೇಳಿದರಾಯಿತು ಎಂದು ಮಲಗಿದಿರಿ. ರಾತ್ರಿ ಸುಟ್ಟರೆ ನಷ್ಟ ನಿಮ್ಮದೇ. ಒಪ್ಪಂದವೂ ಬಿದ್ದುಹೋಗುತ್ತದೆ, ವ್ಯಾಪಾರಿ ದುಡ್ಡು ಕೊಡಬೇಕಿಲ್ಲ.

ಈಗ ಒಂದೇ ಒಂದು ಪದ ಬದಲಿಸಿ. ತೂಕ ಹಾಕುವವರು ವ್ಯಾಪಾರಿ, ತಮ್ಮ ಅಂಗಡಿಯ ಕಾಟಾದಲ್ಲಿ. ಔಟ್‌ಟರ್ನ್ ನೋಡುವವರೂ ಅವರೇ. 22ನೇ ಕಲಮಿನಲ್ಲಿರುವುದು "ಮಾರುವವರು" ಎಂಬ ಪದ. ಕೊಳ್ಳುವವರು ಮಾಡಬೇಕಾದ ತೂಕಕ್ಕೆ ಅದು ತಾಗುವುದಿಲ್ಲ. ಇಬ್ಬರ ಉದ್ದೇಶ ಬೇರೆ ಇತ್ತು ಎಂದು ಮಾತಿನಿಂದಲೋ ನಡೆದುಕೊಂಡ ರೀತಿಯಿಂದಲೋ ಕಾಣದಿದ್ದರೆ, ಮತ್ತೆ 20ಕ್ಕೇ ವಾಪಸ್. ಲೆಕ್ಕ ಬಾಕಿ ಇದ್ದರೂ ಕಾಫಿ ಸೋಮವಾರವೇ ವ್ಯಾಪಾರಿಯದು.

ಸುಮ್ನೆ ಪದದ ಆಟ ಅನಿಸುತ್ತದೆಯೇ? ಈಗ ಘಾನಾ ಎನ್ನುವ ಗೋಲ್ಡ್ ಕೋಸ್ಟಿನಲ್ಲಿ ಕೋಕೋ ಮಾರಿದವನೊಬ್ಬ ಇದೇ ವಿಷಯಕ್ಕೆ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋದ. ಆಗ ನಮ್ಮ ದೇಶದ ಕೊನೆಯ ಮೇಲ್ಮನವಿಯೂ ಹೋಗುತ್ತಿದ್ದುದು ಅಲ್ಲಿಗೇ. ಮಾಲು ಮುಂದೆ ಯಾರ ಕೈ ಸೇರುತ್ತದೋ ಅಲ್ಲಿ ತೂಕ ನೋಡಬೇಕೆಂದು ಮಾತಾಗಿತ್ತು. ಹಣ ಬರದಿದ್ದಾಗ "ಕೋಕೋ ಇನ್ನೂ ನನ್ನದೇ" ಎಂದ. ತೂಕ ಲೆಕ್ಕ ಸರಿ ನೋಡಲಿಕ್ಕೆ ಮಾತ್ರ, ಒಡೆತನ ದಾಟಲು ಅದು ಷರತ್ತಲ್ಲ ಎಂದು 1920ರ ದಶಕದಲ್ಲಿ ತೀರ್ಪಾಯಿತು.

ನೂರರಲ್ಲಿ 40 ಚೀಲ ಮಾತ್ರ ಮಾರಿ, ಯಾವ 40 ಎಂದು ಬೇರೆ ಇಡದಿದ್ದರೆ ಮೇಲಿನದ್ಯಾವುದೂ ನಡೆಯುವುದಿಲ್ಲ. ಬೆಂಕಿ ಬಿದ್ದರೆ ನೂರೂ ಬೆಳೆಗಾರರದೇ.

ಇನ್ನೊಂದು ತಿರುವಿದೆ. ಬೆಳೆಗಾರರೇ ತೂಗಬೇಕಿದ್ದ ವ್ಯಾಪಾರ, ಆದರೆ ಖಾಲಿ ಚೀಲ ಕಳಿಸಬೇಕಾದವರು ವ್ಯಾಪಾರಿ. ಮಂಗಳವಾರ ಎಂದಿದ್ದ ಚೀಲ ಮುಂದಿನ ವಾರವಾದರೂ ಬರಲಿಲ್ಲ. ಅಷ್ಟರಲ್ಲಿ ಮಳೆ ಹೊಡೆದು ಗೋಡೌನಿಗೆ ನೀರು ನುಗ್ಗಿತು. ಒಡೆತನ ಬೆಳೆಗಾರರ ಬಳಿಯೇ ಇದೆ. ಆದರೂ ಒಬ್ಬರ ತಪ್ಪಿನಿಂದ ಸಾಗಣೆ ತಡವಾದರೆ, ಆ ತಡವಿಲ್ಲದಿದ್ದರೆ ಆಗದಿರಬಹುದಾಗಿದ್ದ ನಷ್ಟ ಅವರ ಮೇಲೆಯೇ ಎನ್ನುತ್ತದೆ 26ನೇ ಕಲಮು. ಚೀಲ ಯಾವ ದಿನ ಬರಬೇಕಿತ್ತು ಎಂದು ಪಟ್ಟಿಯಲ್ಲೋ ವಾಟ್ಸಾಪ್‌ನಲ್ಲೋ ಒಂದು ಸಾಲು ಇದ್ದರೆ, ನೆನೆದ ಕಾಫಿಯ ಬಿಲ್ಲು ವ್ಯಾಪಾರಿಗೆ ಹೋಗುತ್ತದೆ.