ಎಸ್‌ಎಲ್‌ಎ ವರದಿಯ ಹಸಿರು ಬಣ್ಣದ ಹಿಂದಿನ ನಿಮಿಷಗಳು

ತಿಂಗಳ ಮೊದಲ ವಾರ ವೆಂಡರ್ ಕಡೆಯಿಂದ, ಒಪ್ಪಂದದ ಸೇವಾ ಗುರಿಗಳನ್ನು ಮುಟ್ಟಿದ್ದೇವೆಯೇ ಎಂದು ತೋರಿಸುವ ನಲವತ್ತು ಪುಟದ ಎಸ್‌ಎಲ್‌ಎ ವರದಿ ಬರುತ್ತದೆ. ಮೊದಲ ಪುಟದಲ್ಲಿ ಎಲ್ಲವೂ ಹಸಿರು, ದಂಡದ ಜಾಗದಲ್ಲಿ ಸೊನ್ನೆ. ವೆಂಡರ್ ಮ್ಯಾನೇಜರ್ ಅದರಿಂದ ಒಂದು ಪುಟದ ಸಾರಾಂಶ ತಯಾರಿಸಿ, ಬಿಲ್ ಪಾಸ್ ಮಾಡುವವರ ಕೈಗೆ ಕೊಡಬೇಕು. ವರದಿಯಲ್ಲಿದ್ದುದನ್ನೇ ಚಿಕ್ಕದಾಗಿ ಬರೆದರೆ ಅದು ಸಾರಾಂಶವಲ್ಲ, ನಕಲು. ಅಪ್‌ಟೈಮ್, ಸ್ಪಂದನದ ಸಮಯ, ದಂಡ ಈ ಮೂರೂ ಅಂಕಿಗಳನ್ನು ಮೂಲ ದಾಖಲೆಯಿಂದ ನಾವೇ ಲೆಕ್ಕ ಹಾಕಿ, ವೆಂಡರ್ ಕೊಟ್ಟ ಅಂಕಿಯ ಪಕ್ಕದಲ್ಲಿ ಇಡಬೇಕು. ವ್ಯತ್ಯಾಸ ಬಂದರೆ ಅದಕ್ಕೆ ಸುಳ್ಳು ಕಾರಣ ಎಂದುಕೊಳ್ಳಬೇಕಿಲ್ಲ. ಗಡಿಯಾರವನ್ನು ಯಾವಾಗ ಶುರು ಮಾಡಿದರು, ಯಾವಾಗ ನಿಲ್ಲಿಸಿದರು ಎಂಬಲ್ಲೇ ಹೆಚ್ಚಿನ ವ್ಯತ್ಯಾಸ ಇರುತ್ತದೆ.

ಇದಕ್ಕೆ ವೆಂಡರ್ ಕಳಿಸಿದ ಪಿಡಿಎಫ್ ಸಾಲದು. ಟಿಕೆಟ್ ವ್ಯವಸ್ಥೆಯಿಂದ ಆ ತಿಂಗಳ ಪೂರ್ತಿ ಎಕ್ಸ್‌ಪೋರ್ಟ್, ಟಿಕೆಟ್ ಸ್ಥಿತಿ ಬದಲಾದ ಇತಿಹಾಸ, ಮಾನಿಟರಿಂಗ್ ಟೂಲಿನ ಅಲರ್ಟ್ ಲಾಗ್ ಮತ್ತು ಒಪ್ಪಿಗೆ ಕೊಟ್ಟ ನಿರ್ವಹಣಾ ಅವಧಿಗಳ ಪಟ್ಟಿ ಬೇಕು. ಇವು ನಾಲ್ಕೂ ಒಂದೇ ಟೈಮ್‌ಜೋನ್‌ನಲ್ಲಿವೆಯೇ ಎಂದು ಮೊದಲು ನೋಡಿ. ಟಿಕೆಟ್ ಯುಟಿಸಿಯಲ್ಲೂ ಅಲರ್ಟ್ ಸ್ಥಳೀಯ ಸಮಯದಲ್ಲೂ ಇದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ತಿಂಗಳ ಕೊನೆಯ ರಾತ್ರಿಯ ಘಟನೆಯಂತೂ ಇನ್ನೊಂದು ತಿಂಗಳಿಗೆ ಹೋಗಿ ಕೂರುತ್ತದೆ.

30 ದಿನದ ಒಂದು ತಿಂಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಪ್ಪಂದದ ಪ್ರಕಾರ ಅಪ್‌ಟೈಮ್ 99.90% ಇರಬೇಕು. ಮೊದಲೇ ಒಪ್ಪಿಗೆ ಪಡೆದ ನಿರ್ವಹಣಾ ಅವಧಿಯನ್ನು ಒಟ್ಟು ಸಮಯದಿಂದ ಕಳೆಯಬೇಕು. ಡೌನ್‌ಟೈಮ್ ಶುರುವಾಗುವುದು ಮಾನಿಟರಿಂಗ್ ಅಲರ್ಟ್ ಬಂದ ಕ್ಷಣದಿಂದ. ಫಲಿತಾಂಶವನ್ನು ಎರಡು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸಬೇಕು. 99.80ರಿಂದ 99.89ರವರೆಗೆ 2% ದಂಡ, 99.80ಕ್ಕಿಂತ ಕೆಳಗೆ ಬಿದ್ದರೆ 5%.

ವೆಂಡರ್ ವರದಿಯಲ್ಲಿ ಒಂದೇ ಡೌನ್‌ಟೈಮ್ ಇದೆ: 33 ನಿಮಿಷ. 30 ದಿನಕ್ಕೆ 43,200 ನಿಮಿಷ, ಆದ್ದರಿಂದ ಅಪ್‌ಟೈಮ್ 99.92%, ಹಸಿರು. ಈಗ ಲಾಗ್ ತೆರೆಯೋಣ. ಅಲರ್ಟ್ ಬಂದದ್ದು ಬೆಳಿಗ್ಗೆ 10:12ಕ್ಕೆ. ಟಿಕೆಟ್ ತೆರೆದದ್ದು 10:31ಕ್ಕೆ. ಸೇವೆ ಮರಳಿದ್ದು 11:04ಕ್ಕೆ. ವೆಂಡರ್ ಟಿಕೆಟ್ ತೆರೆದಲ್ಲಿಂದ ಎಣಿಸಿ 33 ಅಂದಿದ್ದಾರೆ. ಒಪ್ಪಂದದಂತೆ ಅಲರ್ಟ್‌ನಿಂದ ಎಣಿಸಿದರೆ 52 ನಿಮಿಷ.

ಎರಡನೆಯದು ವರದಿಯಲ್ಲಿ ಎಲ್ಲೂ ಇಲ್ಲ. ಆ ತಿಂಗಳು ಒಂದು ರಾತ್ರಿ 11ರಿಂದ ಬೆಳಗಿನ ಜಾವ 3ರವರೆಗೆ, ಅಂದರೆ 240 ನಿಮಿಷ, ನಿರ್ವಹಣೆಗೆ ಒಪ್ಪಿಗೆ ಇತ್ತು. ಕೆಲಸ ಮುಗಿದು ಸೇವೆ ಎದ್ದದ್ದು 3:35ಕ್ಕೆ. ಒಪ್ಪಿಗೆ ಇದ್ದದ್ದು 3 ಗಂಟೆಯವರೆಗೆ ಮಾತ್ರ, ಹಾಗಾಗಿ ಮೇಲಿನ 35 ನಿಮಿಷ ಡೌನ್‌ಟೈಮ್. ನಿರ್ವಹಣೆಯ ಚೇಂಜ್ ಟಿಕೆಟ್ ಇದ್ದುದರಿಂದ ಯಾರೂ ಬೇರೆ ಇನ್ಸಿಡೆಂಟ್ ಟಿಕೆಟ್ ತೆರೆದಿರುವುದಿಲ್ಲ, ವರದಿ ಇನ್ಸಿಡೆಂಟ್ ಟಿಕೆಟ್‌ಗಳಿಂದಲೇ ತಯಾರಾಗುತ್ತದೆ. ಹೀಗಾಗಿ ಈ ನಿಮಿಷಗಳು ಎಲ್ಲಿಯೂ ದಾಖಲಾಗದೆ ಕಣ್ಮರೆಯಾಗುತ್ತವೆ. ನಿರ್ವಹಣಾ ಅವಧಿಯ ಮುಕ್ತಾಯವನ್ನು ಮಾನಿಟರಿಂಗ್ ಲಾಗ್ ಜೊತೆ ತಾಳೆ ನೋಡುವುದು ಐದು ನಿಮಿಷದ ಕೆಲಸ, ಆದರೂ ಹೆಚ್ಚಾಗಿ ಬಿಟ್ಟುಹೋಗುವುದು ಇದೇ.

ಒಟ್ಟು ಡೌನ್‌ಟೈಮ್ 52 + 35 = 87 ನಿಮಿಷ. ಲೆಕ್ಕಕ್ಕೆ ಬರುವ ಸಮಯ 43,200 − 240 = 42,960 ನಿಮಿಷ.

```
=ROUND((42960-87)/42960*100, 2)
```

ಉತ್ತರ 99.80. ಇಲ್ಲಿ ಸ್ವಲ್ಪ ನಿಲ್ಲಬೇಕು. ಸರಿಹೊಂದಿಸದ ಅಂಕಿ 99.797. ಅದು 99.80ಕ್ಕಿಂತ ಕಡಿಮೆ, ಹಾಗಾಗಿ 5% ದಂಡ ಕೇಳುವ ಆಸೆ ಹುಟ್ಟುತ್ತದೆ. ಆದರೆ ಎರಡು ದಶಮಾಂಶ ಎಂದು ಒಪ್ಪಂದದಲ್ಲೇ ಬರೆದಿದೆ, ಆದ್ದರಿಂದ ನಮಗೆ ಸಿಗುವುದು 2% ಮಾತ್ರ. ಅಲರ್ಟ್‌ನಿಂದ ಎಣಿಸಬೇಕು ಎಂದು ಒಪ್ಪಂದದ ಅಕ್ಷರ ಹಿಡಿದವರು ಇಲ್ಲಿಯೂ ಅದೇ ಅಕ್ಷರಕ್ಕೆ ಬದ್ಧರಾಗಬೇಕು, ಇಲ್ಲದಿದ್ದರೆ ಮುಂದಿನ ತಿಂಗಳ ವಾದದಲ್ಲಿ ನಮ್ಮ ಮಾತಿಗೆ ತೂಕವಿರುವುದಿಲ್ಲ. ದಶಮಾಂಶದ ಬಗ್ಗೆ ಒಪ್ಪಂದ ಏನೂ ಹೇಳದಿದ್ದರೆ ಎರಡೂ ಅಂಕಿಗಳನ್ನು ಸಾರಾಂಶದಲ್ಲಿ ಬರೆದು, ಕಾನೂನು ವಿಭಾಗಕ್ಕೆ ಬಿಡುವುದೇ ಸರಿ.

ಇನ್ನು ಸ್ಪಂದನದ ಸಮಯ. ಮೇಲಿನ ಘಟನೆ ಪಿ1, ಅಂದರೆ ಸೇವೆಯೇ ನಿಂತುಹೋದದ್ದು. 15 ನಿಮಿಷದಲ್ಲಿ ಎಂಜಿನಿಯರ್ ಕೈಗೆತ್ತಿಕೊಳ್ಳಬೇಕು. ವರದಿ ಹೇಳುವುದು 2 ನಿಮಿಷ: ಟಿಕೆಟ್ 10:31, ಎಂಜಿನಿಯರ್ 10:33. ಆದರೆ ಅಲರ್ಟ್ 10:12ಕ್ಕೇ ಬಂದಿತ್ತು, ಹಾಗಾಗಿ 21 ನಿಮಿಷ. ಗುರಿ ತಪ್ಪಿದೆ. ಟಿಕೆಟ್ ವ್ಯವಸ್ಥೆ ತಾನೇ ಕಳಿಸುವ ‘ನಿಮ್ಮ ಟಿಕೆಟ್ ಸ್ವೀಕರಿಸಲಾಗಿದೆ’ ಎಂಬ ಮೇಲನ್ನು ಸ್ಪಂದನ ಎಂದು ತೋರಿಸುವವರೂ ಇದ್ದಾರೆ. ಎಲ್ಲ ಟಿಕೆಟ್‌ಗಳ ಸ್ಪಂದನವೂ ಕೆಲವೇ ಸೆಕೆಂಡ್ ಎಂದು ಕಂಡರೆ ಅನುಮಾನ ಪಡಬೇಕಾದದ್ದು ಇದನ್ನೇ.

ಪಿ1ಗಿಂತ ಒಂದು ಹಂತ ಕಡಿಮೆ ತುರ್ತಿನ ಪಿ2 ಟಿಕೆಟ್‌ಗಳಲ್ಲಿ ಗುಟ್ಟು ಬೇರೆ. ಅವುಗಳಿಗೆ 30 ನಿಮಿಷದ ಗುರಿ, ಮತ್ತು 95% ಟಿಕೆಟ್‌ಗಳು ಅದರೊಳಗೆ ಇರಬೇಕು. ವರದಿ ಹೇಳುವುದು: ಒಟ್ಟು 40 ಟಿಕೆಟ್, ಸರಾಸರಿ ಸ್ಪಂದನ 18 ನಿಮಿಷ. ಸಾಲನ್ನು ಓದಿದವರಿಗೆ ಸಮಾಧಾನ. ಆದರೆ ಒಪ್ಪಂದ ಸರಾಸರಿಯನ್ನು ಕೇಳಿಲ್ಲ. ಒಂದೊಂದಾಗಿ ನೋಡಿದರೆ 37 ಟಿಕೆಟ್‌ಗಳಿಗೆ ಸುಮಾರು 12 ನಿಮಿಷದಲ್ಲಿ ಸ್ಪಂದನ ಸಿಕ್ಕಿದೆ, ಉಳಿದ ಮೂರು 70, 95, 111 ನಿಮಿಷ ಕಾದಿವೆ. 40ರಲ್ಲಿ 37 ಅಂದರೆ 92.5%. ಗುರಿ ತಪ್ಪಿತು. ಎಣಿಕೆಗೆ ಸೂತ್ರ ಸರಳ:

```
=ROUND((F2-E2)*1440, 2)
=COUNTIFS(C:C,"P2",G:G,"<=30")/COUNTIF(C:C,"P2")
```

ಮೊದಲ ಸಾಲು ಎರಡು ಸಮಯಗಳ ಅಂತರವನ್ನು ನಿಮಿಷವಾಗಿಸಿ G ಕಾಲಮ್‌ಗೆ ಹಾಕುತ್ತದೆ. `ROUND` ಬಿಟ್ಟರೆ ಸರಿಯಾಗಿ 30 ನಿಮಿಷ ಆದದ್ದೂ ಕೆಲವೊಮ್ಮೆ ಕೂದಲೆಳೆಯಷ್ಟು ಹೆಚ್ಚು ಎಂದು ಲೆಕ್ಕವಾಗಿ ಸುಳ್ಳು ಉಲ್ಲಂಘನೆ ತೋರಿಸಬಹುದು. ಎಕ್ಸ್‌ಪೋರ್ಟ್‌ನಲ್ಲಿ ಸಮಯವು ಪಠ್ಯವಾಗಿ ಬಂದಿದ್ದರೆ ಈ ಕಳೆಯುವಿಕೆ ದೋಷ ಕೊಡುತ್ತದೆ, ಇಲ್ಲವೇ ದಿನ ಮತ್ತು ತಿಂಗಳು ಅದಲುಬದಲಾಗಿ ತಪ್ಪು ಅಂಕಿ ಕೊಡುತ್ತದೆ. ಋಣ ಸಂಖ್ಯೆ ಅಥವಾ ಸಾವಿರಾರು ನಿಮಿಷ ಕಂಡ ಸಾಲುಗಳನ್ನು ಮೊದಲು ಹೆಕ್ಕಿ ನೋಡಿ.

ಪರಿಹಾರದ ಸಮಯದಲ್ಲಿ ನೋಡಬೇಕಾದದ್ದು ನಿಲ್ಲಿಸಿದ ಗಡಿಯಾರ. ಪಿ2 ಟಿಕೆಟ್‌ಗಳಲ್ಲಿ 90% ಎಂಟು ಗಂಟೆಯೊಳಗೆ ಮುಗಿಯಬೇಕು, ರಾತ್ರಿ ಹಗಲು ಎನ್ನದೆ ಗಡಿಯಾರ ಓಡುತ್ತದೆ. ಗ್ರಾಹಕರಿಂದ ಮಾಹಿತಿ ಬರಬೇಕಿದ್ದಾಗ ಮಾತ್ರ ಅದನ್ನು ನಿಲ್ಲಿಸಬಹುದು. ವರದಿಯ ಪ್ರಕಾರ 40ರಲ್ಲಿ 36 ಸಮಯಕ್ಕೆ ಮುಗಿದಿವೆ, ಸರಿಯಾಗಿ 90%. ಇಷ್ಟು ಸರಿಯಾಗಿ ಗುರಿಯ ಅಂಚಿನಲ್ಲಿ ನಿಂತ ಅಂಕಿ ಕಂಡರೆ ನಿಲುಗಡೆಯ ಇತಿಹಾಸ ತೆಗೆಯಲೇಬೇಕು.

ಅದರಲ್ಲಿ ಒಂದು ಟಿಕೆಟ್ ಹೀಗಿದೆ. ಬೆಳಿಗ್ಗೆ 8:30ಕ್ಕೆ ತೆರೆದು ರಾತ್ರಿ 8:30ಕ್ಕೆ ಮುಗಿದಿದೆ, ಒಟ್ಟು 12 ಗಂಟೆ. ಮಧ್ಯಾಹ್ನ 1:10ರಿಂದ ಸಂಜೆ 6:30ರವರೆಗೆ ‘ಗ್ರಾಹಕರ ಉತ್ತರಕ್ಕೆ ಕಾಯುತ್ತಿದೆ’ ಎಂಬ ಸ್ಥಿತಿ. ಆ 5 ಗಂಟೆ 20 ನಿಮಿಷ ಕಳೆದರೆ 6 ಗಂಟೆ 40 ನಿಮಿಷ ಉಳಿಯುತ್ತದೆ, ಗುರಿಯೊಳಗೆ. ಆದರೆ ಗ್ರಾಹಕರಿಗೆ ಪ್ರಶ್ನೆ ಹೋದದ್ದು 4:30ಕ್ಕೆ. ಪ್ರಶ್ನೆಯನ್ನೇ ಕೇಳದೆ ಉತ್ತರಕ್ಕೆ ಕಾದೆವು ಎನ್ನಲಾಗದು. ಕಳೆಯಬಹುದಾದದ್ದು 4:30ರಿಂದ 6:30ರ ಎರಡು ಗಂಟೆ ಮಾತ್ರ. ನಿಜವಾದ ಸಮಯ 10 ಗಂಟೆ. ಈ ಒಂದು ಟಿಕೆಟ್ ತಪ್ಪಿದರೆ 40ರಲ್ಲಿ 35 ಉಳಿದು, 87.5% ಆಗುತ್ತದೆ. ಎಲ್ಲ ನಲವತ್ತನ್ನೂ ಹೀಗೆ ಕೆದಕಬೇಕಿಲ್ಲ. ನಿಲುಗಡೆ ಕಳೆಯದಿದ್ದರೆ ಗುರಿ ಮೀರುತ್ತಿದ್ದ, ಕಳೆದ ಮೇಲೆ ಪಾಸಾದ ಟಿಕೆಟ್‌ಗಳನ್ನಷ್ಟೇ ಸೋಸಿ ತೆಗೆದರೆ ಪಟ್ಟಿ ಕೆಲವೇ ಸಾಲಿಗೆ ಇಳಿಯುತ್ತದೆ.

ದಂಡಕ್ಕೆ ಬರೋಣ. ಅಪ್‌ಟೈಮ್‌ಗೆ 2%, ಪಿ1 ಸ್ಪಂದನಕ್ಕೆ 1%, ಪಿ2 ಸ್ಪಂದನಕ್ಕೆ 1%, ಪಿ2 ಪರಿಹಾರಕ್ಕೆ 1%. ಕೂಡಿಸಿದರೆ 5%. ಆದರೆ ಈ ಒಪ್ಪಂದದಲ್ಲಿ ಒಂದೇ ಘಟನೆಗೆ ಎರಡು ದಂಡ ಇಲ್ಲ, ಎರಡರಲ್ಲಿ ದೊಡ್ಡದು ಮಾತ್ರ ಅನ್ವಯ. ಬೆಳಗಿನ ಆ 52 ನಿಮಿಷ ಇಲ್ಲದಿದ್ದರೆ ಅಪ್‌ಟೈಮ್ ಗುರಿ ತಪ್ಪುತ್ತಲೇ ಇರಲಿಲ್ಲ (35 ನಿಮಿಷಕ್ಕೆ 99.92% ಬರುತ್ತದೆ). ಹಾಗಾಗಿ ಅದೇ ಘಟನೆಯ ಪಿ1 ಸ್ಪಂದನದ 1% ಕೈಬಿಡಬೇಕು. ಉಳಿದದ್ದು 4%, ತಿಂಗಳ ಮಿತಿಯಾದ 10%ಗಿಂತ ಕೆಳಗೇ ಇದೆ.

ಯಾವುದರ ಮೇಲೆ 4%? ಆ ತಿಂಗಳ ಬಿಲ್ 25,00,000. ಅದರಲ್ಲಿ 5,00,000 ಸಾಫ್ಟ್‌ವೇರ್ ಲೈಸೆನ್ಸಿನದ್ದು. ದಂಡ ಬೀಳುವುದು ಸೇವಾ ಶುಲ್ಕದ ಮೇಲೆ, ತೆರಿಗೆ ಸೇರಿಸುವ ಮೊದಲಿನ ಮೊತ್ತಕ್ಕೆ. ಆದ್ದರಿಂದ 20,00,000ದ 4%, ಅಂದರೆ 80,000. ಪೂರ್ತಿ ಬಿಲ್ಲಿನ ಮೇಲೆ ಲೆಕ್ಕ ಹಾಕಿದ್ದರೆ 1,00,000 ಬರುತ್ತಿತ್ತು. ಆ ತಪ್ಪನ್ನು ಎತ್ತಿ ತೋರಿಸಿ ವೆಂಡರ್ ಇಡೀ ಲೆಕ್ಕವನ್ನೇ ತಳ್ಳಿಹಾಕಲು ಯತ್ನಿಸುತ್ತಿದ್ದರು.

ಇಷ್ಟೆಲ್ಲ ಆದ ಮೇಲೆ ಬರೆಯುವ ಸಾರಾಂಶ ಚಿಕ್ಕದು. ಪ್ರತಿ ಸಾಲಿನಲ್ಲಿ ವೆಂಡರ್ ಅಂಕಿ, ನಮ್ಮ ಅಂಕಿ, ವ್ಯತ್ಯಾಸದ ಕಾರಣ, ಒಪ್ಪಂದದ ಕಲಂ ಸಂಖ್ಯೆ ಇರಲಿ. ಅಪ್‌ಟೈಮ್ ಸಾಲು ಹೀಗಿರಬಹುದು: ‘ವೆಂಡರ್ 99.92%, ನಮ್ಮ ಲೆಕ್ಕ 99.80%. ಅಲರ್ಟ್‌ನಿಂದ ಟಿಕೆಟ್‌ವರೆಗಿನ 19 ನಿಮಿಷ ಮತ್ತು ನಿರ್ವಹಣಾ ಅವಧಿ ಮೀರಿದ 35 ನಿಮಿಷ ವರದಿಯಲ್ಲಿ ಸೇರಿಲ್ಲ. ದಂಡ 2%, 40,000.’ ಕೈಬಿಟ್ಟ ಪಿ1 ದಂಡವನ್ನೂ ಕಾರಣಸಹಿತ ಬರೆಯಿರಿ, ಇಲ್ಲದಿದ್ದರೆ ಲೆಕ್ಕಪತ್ರ ವಿಭಾಗ ಅದನ್ನು ಮರೆವು ಎಂದುಕೊಳ್ಳುತ್ತದೆ.

ಹಣಕಾಸಿನವರಿಗೆ ಕಳಿಸುವ ಮೊದಲು ಇದೇ ಪುಟವನ್ನು ಟಿಕೆಟ್ ಸಂಖ್ಯೆಗಳ ಸಮೇತ ವೆಂಡರ್‌ಗೆ ಕಳಿಸಿ, ಆಕ್ಷೇಪಣೆಗೆ ಒಂದು ದಿನಾಂಕ ಕೊಡಿ. 4:30ರ ಪ್ರಶ್ನೆಗೆ ಮೊದಲೇ 1:10ಕ್ಕೆ ಫೋನ್ ಮಾಡಿ ಕೇಳಿದ್ದರ ದಾಖಲೆ ಅವರ ಬಳಿ ಇರಬಹುದು. ಇದ್ದರೆ ಪರಿಹಾರದ ಅಂಕಿ ಮತ್ತೆ 90% ಆಗಿ ದಂಡ 60,000ಕ್ಕೆ ಇಳಿಯುತ್ತದೆ. ಒಪ್ಪಂದದಲ್ಲಿ ದಂಡ ಕೇಳಲು ಕೊನೆಯ ದಿನವೊಂದು ಇದ್ದರೆ, ಆಕ್ಷೇಪಣೆಯ ದಿನಾಂಕ ಅದಕ್ಕಿಂತ ಮುಂಚೆ ಬರುವಂತೆ ನೋಡಿಕೊಳ್ಳಿ. ಒಪ್ಪಿದ ಮೊತ್ತಕ್ಕೆ ಕ್ರೆಡಿಟ್ ನೋಟ್ ಪಡೆದು, ಅದರ ಸಂಖ್ಯೆಯನ್ನು ಮುಂದಿನ ತಿಂಗಳ ಸಾರಾಂಶದ ಮೊದಲ ಸಾಲಿನಲ್ಲಿ ನಮೂದಿಸಿ. ಸಂಖ್ಯೆ ಬರುವವರೆಗೆ ಆ ಸಾಲು ಬಾಕಿ ಎಂದೇ ಉಳಿಯಲಿ.