1, 2, 4, 7 ಆದಮೇಲೆ 11 ಬರುತ್ತದೋ, 13 ಬರುತ್ತದೋ?

ಕಲಬುರಗಿಯಲ್ಲಿ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ಅಭ್ಯಾಸದ ಪ್ರಶ್ನೆಪತ್ರಿಕೆ ತಂದು ನನ್ನ ಮುಂದಿಟ್ಟಳು. 1, 2, 4, 7, ಮುಂದಿನದು ಯಾವುದು? ಆಯ್ಕೆಗಳಲ್ಲಿ 11 ಕೂಡ ಇತ್ತು, 13 ಕೂಡ ಇತ್ತು. "ಸರ, ಎರಡೂ ಬರ್ತಾವಲ್ರಿ" ಅಂದಳು. ಅವಳು ಹೇಳಿದ್ದು ನಿಜ. ವ್ಯತ್ಯಾಸ 1, 2, 3, 4 ಎಂದು ಬೆಳೆದರೆ 11. ಹಿಂದಿನ ಮೂರನ್ನು ಕೂಡಿಸುತ್ತ ಹೋದರೆ 13.

ಮೂರರ ಬದಲು ಹಿಂದಿನ ಎರಡನ್ನೇ ಕೂಡಿಸುತ್ತ ಹೋಗುವ ಸರಣಿಯನ್ನು ನಾವು ಇಟಲಿಯ ಫಿಬೊನಾಚಿಯ ಹೆಸರಿನಿಂದ ಕರೆಯುತ್ತೇವೆ. ಅವನು ಮೊಲಗಳ ಲೆಕ್ಕ ಬರೆದದ್ದು 1202ರಲ್ಲಿ. ಅದಕ್ಕೂ ಮೊದಲೇ, 1150ರ ಸುಮಾರಿಗೆ, ಗುಜರಾತಿನ ಹೇಮಚಂದ್ರ ಇದನ್ನು ಛಂದಸ್ಸಿನಲ್ಲಿ ವಿವರಿಸಿದ್ದ. ಅವನಿಗಿಂತ ಹಿಂದಿನ ವಿರಹಾಂಕನಿಗೂ ಇದು ಗೊತ್ತಿತ್ತು.

ಛಂದಸ್ಸಿನ ಲೆಕ್ಕ ನಮಗೆ ದೂರದ್ದಲ್ಲ. ಸೇಡಂ ಹತ್ತಿರದ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ತುಂಬ ಕಂದಪದ್ಯಗಳಿವೆ. ಕಂದದ ಗಣಕ್ಕೆ ನಾಲ್ಕು ಮಾತ್ರೆ. ಲಘುವಿಗೆ ಒಂದು, ಗುರುವಿಗೆ ಎರಡು. ಹಾಗಾದರೆ ನಾಲ್ಕು ಮಾತ್ರೆಯ ಗಣ ಎಷ್ಟು ಬಗೆ?

```
UUUU   –UU   U–U   UU–   ––
```

ಐದು. ಕೊನೆಯ ಅಕ್ಷರ ನೋಡಿ. ಅದು ಲಘುವಾದರೆ ಅದರ ಹಿಂದೆ ಮೂರು ಮಾತ್ರೆ ಉಳಿಯುತ್ತದೆ, ಅದಕ್ಕೆ 3 ಬಗೆ. ಗುರುವಾದರೆ ಎರಡು ಮಾತ್ರೆ ಉಳಿಯುತ್ತದೆ, ಅದಕ್ಕೆ 2 ಬಗೆ. ಕೂಡಿಸಿದರೆ 5. ಐದು ಮಾತ್ರೆಗೆ 5 + 3, ಅಂದರೆ 8. ಹಿಂದಿನ ಎರಡನ್ನೇ ಯಾಕೆ ಕೂಡಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಸರಳ ಕಾರಣ ನಾನು ಕಂಡಿಲ್ಲ.

ಈಗ ಮೂರು ಮಾತ್ರೆಯ ಪ್ಲುತವನ್ನೂ ಸೇರಿಸಿಕೊಳ್ಳಿ. ಕೊನೆಯ ಅಕ್ಷರಕ್ಕೆ ಮೂರು ದಾರಿ ಆಯಿತು, ಹಾಗಾಗಿ ಹಿಂದಿನ ಮೂರನ್ನೂ ಕೂಡಿಸಬೇಕು. ಲೆಕ್ಕ 1, 2, 4, 7, 13 ಎಂದು ಬರುತ್ತದೆ. ಆ ಹುಡುಗಿಯ ಪ್ರಶ್ನೆಯ ಸರಣಿಯೇ ಇದು! ಹೀಗೆ ಮೂರು, ನಾಲ್ಕು, ಎಷ್ಟು ಬೇಕಾದರೂ ಹಿಂದಿನ ಪದಗಳನ್ನು ಕೂಡಿಸುವ ಸಾಮಾನ್ಯ ವಿಧಾನವನ್ನು ನಾರಾಯಣ ಪಂಡಿತ 1356ರಲ್ಲಿ ಬರೆದಿಟ್ಟಿದ್ದಾನೆ.

ಗುರುತಿಸಲು ವ್ಯತ್ಯಾಸದ ಸಾಲು ಬರೆಯಿರಿ. 4, 7, 11, 18, 29, 47 ತೆಗೆದುಕೊಂಡರೆ ವ್ಯತ್ಯಾಸ 3, 4, 7, 11, 18. ಮೊದಲ 3 ಬಿಟ್ಟರೆ ಮೂಲ ಸರಣಿಯೇ ಮರಳಿ ಬಂದಿದೆ; ಇದು ಎರಡರ ಮೊತ್ತದ ಗುರುತು. ಮುಂದಿನದು 76. ಮೂರರ ಮೊತ್ತದಲ್ಲಿ ಸರಣಿ ಹಾಗೆ ಮರಳುವುದಿಲ್ಲ. 2, 3, 5, 10, 18, 33ರಲ್ಲಿ ವ್ಯತ್ಯಾಸ 1, 2, 5, 8, 15. ಇಲ್ಲಿ 5 ಅಂದರೆ 2 + 3, 8 ಅಂದರೆ 3 + 5, 15 ಅಂದರೆ 5 + 10. ಮುಂದಿನದು 10 + 18 + 33, ಅಂದರೆ 61. ತಾಳೆ ನೋಡಲು ಕೊನೆಯ ಪದವನ್ನು ಇಮ್ಮಡಿಸಿ, ಅದಕ್ಕಿಂತ ಮೂರು ಪದ ಹಿಂದಿನದನ್ನು ಕಳೆಯಿರಿ: 66 − 5 = 61.

ನಾಲ್ಕೇ ಪದ ಕೊಟ್ಟರೆ ಮೂರರ ಮೊತ್ತವನ್ನು ಒಂದೇ ಸಲ ಪರೀಕ್ಷಿಸಬಹುದು, ಅಷ್ಟು ಸಾಲದು. ಐದನೆಯದಾಗಿ 13 ಅಚ್ಚಾಗಿದ್ದರೆ ವ್ಯತ್ಯಾಸ 1, 2, 3, 6 ಆಗಿ, 11ರ ದಾರಿ ಅಲ್ಲೇ ಮುಚ್ಚುತ್ತಿತ್ತು. ಅವಳ ಹಾಳೆಯಲ್ಲಿ ಆ ಪ್ರಶ್ನೆಯ ಪಕ್ಕಕ್ಕೆ "ಇನ್ನೊಂದು ಪದ ಬೇಕು" ಎಂದು ಬರೆದು, ಅದನ್ನು ಕೊಟ್ಟವರಿಗೇ ತೋರಿಸಲು ಕಳಿಸಿದೆ.