ತೂಕ ಅಷ್ಟೇ, ಪ್ಯಾಂಟು ಸಡಿಲ

ದಾವಣಗೆರೆಯ ನನ್ನ ಗೆಳೆಯನೊಬ್ಬ ಜಿಮ್ಮಿಗೆ ಸೇರಿ 12 ವಾರ ಆಯ್ತು. ಸೇರಿದಾಗ 74 ಕೆಜಿ ಇದ್ದ, ಈಗ 73.8. 'ದುಡ್ಡು ದಂಡ' ಅಂತ ಗೊಣಗುತ್ತಿದ್ದ. ಆದರೆ ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದರೆ 92 ಸೆಂ.ಮೀ. ಇದ್ದ ಸುತ್ತಳತೆ 88ಕ್ಕೆ ಇಳಿದಿತ್ತು. ಬರೀ ಬಾರ್ (20 ಕೆಜಿ) ಹೊತ್ತು ಸ್ಕ್ವಾಟ್ ಶುರು ಮಾಡಿದವನು ಈಗ 55 ಕೆಜಿ ಹೊರುತ್ತಾನೆ.

ಕೊಬ್ಬು ಇಳಿದು, ಹೆಚ್ಚುಕಮ್ಮಿ ಅಷ್ಟೇ ತೂಕದ ಸ್ನಾಯು ಬಂದಿದೆ. ಊಟ ಜಾಸ್ತಿ ಮಾಡದೆ ಸ್ನಾಯು ಎಲ್ಲಿಂದ ಬಂತು? ಇಲ್ಲೇ ನಾನೂ ಮೊದಲು ಎಡವಿದ್ದೆ. ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರೇ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಕೂತಿರುತ್ತೆ, ಒಂದು ಕೆಜಿ ಸ್ನಾಯುವಿನಲ್ಲಿ ಅದರ ಕಾಲುಭಾಗವೂ ಇಲ್ಲ. ಅವನಿಗೆ 2 ಕೆಜಿ ಕೊಬ್ಬು ಹೋಗಿ 2 ಕೆಜಿ ಸ್ನಾಯು ಬಂದಿದೆ ಅಂದುಕೊಳ್ಳಿ. ತಕ್ಕಡಿಯ ಮುಳ್ಳು ಕದಲದಿದ್ದರೂ ದೇಹ ದಿನಕ್ಕೆ ಸುಮಾರು 150 ಕ್ಯಾಲೊರಿಯನ್ನು ತನ್ನ ಉಗ್ರಾಣದಿಂದಲೇ ತೆಗೆದು ಖರ್ಚು ಮಾಡಿದೆ. ಅಂದ್ರೆ ತೂಕ ನಿಂತಿದೆ ಅಂದ ಮಾತ್ರಕ್ಕೆ ಲೆಕ್ಕ ಸರಿಸಮ ಅಂತಲ್ಲ.

ಅವನು ಊಟದ ಪ್ರಮಾಣ ಗೊತ್ತುಮಾಡಿಕೊಂಡಿದ್ದು ಹೀಗೆ. ಎರಡು ವಾರ ಎಂದಿನಂತೆ ತಿಂದು, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಗಿಕೊಂಡ. ಎರಡೂ ವಾರದ ಸರಾಸರಿ ಒಂದೇ ಬಂತು. ಅಲ್ಲಿಗೆ ಆ ಊಟವೇ ಅವನ ಅಳತೆ. ಪ್ರಮಾಣ ಮುಟ್ಟಲಿಲ್ಲ, ಒಳಗಿನದ್ದು ಬದಲಾಯಿಸಿದ. ಸಂಜೆಯ ಮಂಡಕ್ಕಿ-ಮೆಣಸಿನಕಾಯಿ ವಾರಕ್ಕೆ ಒಂದು ದಿನಕ್ಕೆ ಬಂತು. ಅದರ ಜಾಗಕ್ಕೆ ಮೂರು ಮೊಟ್ಟೆ, 50 ಗ್ರಾಂ ಸೋಯಾ ಚಂಕ್ಸ್ ಬಂದವು. ಇವೆರಡರಿಂದಲೇ 44 ಗ್ರಾಂ ಆಸುಪಾಸು ಪ್ರೋಟೀನ್. ಮೊಸರು, ಕಾಳುಪಲ್ಯ, ರೊಟ್ಟಿ ಎಲ್ಲ ಸೇರಿ ದಿನಕ್ಕೆ ನೂರು ದಾಟಿಸಿದ. ದೇಹತೂಕದ ಪ್ರತಿ ಕೆಜಿಗೆ 1.6 ಗ್ರಾಂ ಅನ್ನೋದು ಸಾಮಾನ್ಯ ಗುರಿ. ಬೆಣ್ಣೆದೋಸೆ ಬಿಡಲಿಲ್ಲ, ಭಾನುವಾರ ಒಂದು ತಿಂತಾನೆ. ದಾವಣಗೆರೆಯಲ್ಲಿದ್ದು ಅದನ್ನೂ ಬಿಡು ಅನ್ನೋಕೆ ನನಗೂ ಬಾಯಿ ಬರಲ್ಲ.

ವ್ಯಾಯಾಮ ವಾರಕ್ಕೆ ಮೂರು ದಿನ. ಸ್ಕ್ವಾಟ್ ಎಂಟೆಂಟರಂತೆ ಮೂರು ಸುತ್ತು. ಮೂರನೇ ಸುತ್ತಿನ ಎಂಟನೆಯದೂ ನೆಟ್ಟಗೆ ಎದ್ದರೆ ಮುಂದಿನ ಸಲ ಬಾರ್‌ಗೆ 2.5 ಕೆಜಿ ಜಾಸ್ತಿ, ಇಲ್ಲದಿದ್ದರೆ ಅದೇ ಭಾರ.

ಎರಡು ಕಡೆ ಮೋಸ ಹೋಗಬಹುದು. ಶುರುವಿನಲ್ಲಿ ಹೊರುವ ಭಾರ ಬೇಗ ಏರುತ್ತೆ, ಆದರೆ ಅದು ಬಹುಪಾಲು ನರಗಳು ಆ ಚಲನೆ ಕಲಿತದ್ದರಿಂದ. ಸ್ನಾಯು ಇನ್ನೂ ಬೆಳೆದಿರಲ್ಲ. ಜೊತೆಗೆ ಸ್ನಾಯು ನೀರು ಹಿಡಿದು, ಮೊದಲ ಒಂದೆರಡು ವಾರ ತೂಕ ಸ್ವಲ್ಪ ಏರಲೂಬಹುದು. ಇವನಿಗೂ ಏರಿತ್ತು, ಗಾಬರಿಯಾಗಿ ರಾತ್ರಿ ಊಟ ಬಿಟ್ಟಿದ್ದ. ಆ ವಾರ ಬಾರ್ ಮೇಲೇಳಲಿಲ್ಲ.

ಹಾಗಾಗಿ ಎರಡು ವಾರಕ್ಕೊಮ್ಮೆ ಟೇಪು, ತೂಕದ ಸರಾಸರಿ, ಹೊತ್ತ ಭಾರ ಮೂರನ್ನೂ ಒಟ್ಟಿಗೆ ನೋಡಬೇಕು. ತೂಕ, ಸುತ್ತಳತೆ ಎರಡೂ ಏರುತ್ತಿದ್ದರೆ ಊಟ ಜಾಸ್ತಿಯಾಗಿದೆ. ತೂಕದ ಜೊತೆ ಭಾರವೂ ಇಳಿಯುತ್ತಿದ್ದರೆ ಊಟ ಸಾಲುತ್ತಿಲ್ಲ. ಈ ಆಟ ಚೆನ್ನಾಗಿ ನಡೆಯೋದು ಹೊಟ್ಟೆಯಲ್ಲಿ ಸ್ವಲ್ಪ ದಾಸ್ತಾನು ಇರೋ ಹೊಸಬರಿಗೆ. ಮೊದಲೇ ಸಣಕಲಾಗಿರುವವರು ಸ್ವಲ್ಪ ಜಾಸ್ತಿಯೇ ತಿನ್ನಬೇಕು, ಅವರ ಉಗ್ರಾಣದಲ್ಲಿ ತೆಗೆಯೋಕೆ ಹೆಚ್ಚೇನೂ ಇರಲ್ಲ.